ಮೂರು ಗುಡ್ಡಗಳ ನಡುವಿನ ಐದು ವಿಕಲೆ

ಮೋಜಣಿ ಖಾತೆಯ ಅಣ್ಣಪ್ಪನವರಿಗೆ ಎರಡು ವಿಷಯಗಳಲ್ಲಿ ಸಂಶಯವೆಂಬುದು ಹುಟ್ಟಿದ್ದೇ ಇಲ್ಲ. ಬೆಳಗಿನ ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ನೀರು ಹಾಕಬಾರದು ಎಂಬುದು ಒಂದು. ತ್ರಿಕೋನದ ಮೂರು ಕೋನಗಳನ್ನು ಕೂಡಿಸಿದರೆ ನೂರ ಎಂಬತ್ತು ಅಂಶವೇ ಆಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ತಂದೆ ಕಲಿಸಿದ್ದರು, ಎರಡನೆಯದನ್ನು ಚಾಕರಿ ಕಲಿಸಿತ್ತು. ಹುಕ್ಕೇರಿ, ಗೋಕಾಕ ತಾಲೂಕುಗಳ ಹೊಲಗಳನ್ನು ಅಳೆಯುವಾಗ ಕೋನಗಳ ಮೊತ್ತ ಚೂರು ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದರೆ ಅದು ಅಳೆದವನ ತಪ್ಪು. ಆ ತಪ್ಪನ್ನು ಮೂರು ಪಾಲು ಮಾಡಿ ಮೂರು ಕೋನಗಳಿಗೆ ಹಂಚಿಬಿಟ್ಟರೆ ಲೆಕ್ಕ ಮುಗಿಯಿತು. ಬಾಂದಿನ ಕಲ್ಲಿಗಾಗಿ ಅಣ್ಣತಮ್ಮಂದಿರು ಕೊಡಲಿ ಎತ್ತಿದ್ದನ್ನು ಅವರು ಕಂಡಿದ್ದರು. ನೂರ ಎಂಬತ್ತರ ಬಗ್ಗೆ ಯಾರೊಬ್ಬರೂ ತಕರಾರು ತೆಗೆದದ್ದನ್ನು ಕಂಡಿರಲಿಲ್ಲ.

ಮಹಾಯುದ್ಧ ಮುಗಿದು ಏಳೆಂಟು ವರ್ಷಗಳಾದ ಮೇಲೆ, ಒಂದು ಸುಗ್ಗಿಯ ಕಾಲದಲ್ಲಿ, ಸರಕಾರ ಅವರನ್ನು ಹೊಲದಿಂದ ಎತ್ತಿ ಗುಡ್ಡದ ಮೇಲೆ ಕೂರಿಸಿತು. ದೊಡ್ಡ ತ್ರಿಕೋನಗಳನ್ನು ಅಳೆದು ದೇಶದ ನಕ್ಷೆಯನ್ನು ತಿದ್ದುವ ತಂಡವೊಂದು ಆ ಸೀಮೆಗೆ ಬಂದಿತ್ತು. ಅದರ ಸಾಹೇಬರಿಗೆ ಸ್ಥಳದ ಗುಡ್ಡಗಳನ್ನು ಬಲ್ಲ, ಕೈ ನಡುಗದ, ಕಣ್ಣು ಚುರುಕಾದ ಒಬ್ಬ ಮನುಷ್ಯ ಬೇಕಾಗಿದ್ದ. ಅಣ್ಣಪ್ಪನವರು ಎರಡು ತಿಂಗಳಲ್ಲಿ ದೊಡ್ಡ ಥಿಯೊಡೊಲೈಟನ್ನು ಮನೆಯ ಬೀಸುಕಲ್ಲಿನಷ್ಟು ಸಲೀಸಾಗಿ ತಿರುಗಿಸುವುದನ್ನು ಕಲಿತರು. ಅಂಶದ ಅರವತ್ತನೆಯ ಭಾಗ ಕಲೆ, ಕಲೆಯ ಅರವತ್ತನೆಯ ಭಾಗ ವಿಕಲೆ. ಆ ಯಂತ್ರ ವಿಕಲೆಯನ್ನೂ ಹೇಳುತ್ತಿತ್ತು. ಕೆಲಸ ಹಳಿಗೆ ಬೀಳುವ ಹೊತ್ತಿಗೆ ಸಾಹೇಬರಿಗೆ ಚಳಿಜ್ವರ ಬಂದಿತು. ಪುಣೆಗೆ ಹೊರಡುವ ಮುನ್ನ ಅವರು ಅಣ್ಣಪ್ಪನವರನ್ನು ಕರೆದು ಒಂದೇ ಮಾತು ಹೇಳಿದರು: ಮೂರು ಗುಡ್ಡಗಳಲ್ಲಿಯೂ ಕೋನ ತೆಗೆದು ಕೂಡಿಸಬೇಕು, ಎರಡು ವಿಕಲೆಗಿಂತ ಹೆಚ್ಚು ತಪ್ಪು ಬಂದರೆ ಮತ್ತೆ ನೋಡಬೇಕು. ತಪ್ಪು ಎಂದರೆ ಯಾವುದಕ್ಕಿಂತ ತಪ್ಪು ಎಂಬುದನ್ನು ಅವರು ಹೇಳಲಿಲ್ಲ. ಅದನ್ನು ಹೇಳಬೇಕಾದೀತೆಂದು ಅವರಿಗೆ ಹೊಳೆಯಲೂ ಇಲ್ಲ.

ಆ ತ್ರಿಕೋನದ ಒಂದು ಮೂಲೆ ಕಣಗಲಾದ ಹತ್ತಿರದ ಗುಡ್ಡ, ಇನ್ನೊಂದು ಗೋಕಾಕದ ಮೇಲಿನ ಗುಡ್ಡ, ಮತ್ತೊಂದು ದಕ್ಷಿಣದಲ್ಲಿ ಬೆಳಗಾವಿಯ ಕಡೆಯ ಗುಡ್ಡ. ಒಂದರಿಂದ ಇನ್ನೊಂದಕ್ಕೆ ಸುಮಾರು ಮೂವತ್ತು ಮೈಲಿ. ಅಷ್ಟು ದೂರದ ಕಲ್ಲಾಗಲಿ ಕೋಲಾಗಲಿ ದುರ್ಬೀನಿಗೂ ಕಾಣದು. ಆದ್ದರಿಂದ ಪ್ರತಿ ಗುಡ್ಡದಲ್ಲಿ ಗುರುತುಕಲ್ಲಿನ ನೇರ ಮೇಲೆ ಒಂದು ಕನ್ನಡಿಯನ್ನಿಟ್ಟು, ಬಿಸಿಲನ್ನು ಅದರಲ್ಲಿ ಹಿಡಿದು, ಅಳೆಯುವವನ ಕಡೆಗೆ ಹೊಳೆಯಿಸುತ್ತಿದ್ದರು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತ ಕೂರಲು ಒಬ್ಬ ಮನುಷ್ಯ ಬೇಕು. ಗೋಕಾಕದ ಗುಡ್ಡದ ಕನ್ನಡಿಯ ಮನುಷ್ಯ ಮೂಡಲಗಿಯ ಲಕ್ಕಪ್ಪ.

ಅಣ್ಣಪ್ಪನವರು ದಕ್ಷಿಣದ ಗುಡ್ಡವನ್ನೂ ಗೋಕಾಕದ ಗುಡ್ಡವನ್ನೂ ಮುಗಿಸಿ, ಕಡೆಗೆ ಕಣಗಲಾದ ಗುಡ್ಡದಲ್ಲಿ ಡೇರೆ ಹಾಕಿದರು. ಕೋನ ತೆಗೆದರು. ಮೂರನ್ನೂ ಕೂಡಿಸಿದರು. ನೂರ ಎಂಬತ್ತು ಅಂಶ, ಮೇಲೆ ಐದು ವಿಕಲೆ.

ಮತ್ತೆ ನೋಡಿದರು. ಐದು. ಪೂಜೆಯಲ್ಲಿ ಮನಸ್ಸು ಚಂಚಲವಾಗಿದ್ದೀತೆಂದು ಮರುದಿನ ಇನ್ನಷ್ಟು ಹೊತ್ತು ಕುಳಿತು ಧ್ಯಾನಿಸಿ, ಆಮೇಲೆ ನೋಡಿದರು. ಐದು. ತಪ್ಪಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ಕುಡುಕನ ಹಾಗೆ ತೂರಾಡಬೇಕು. ಇದು ಸಾಲ ಕೇಳಲು ಬಂದ ನೆಂಟನಂತೆ ಒಂದೇ ಕಡೆ ಕಾಲೂರಿತ್ತು. ಹಾಗೆ ಕಾಲೂರುವ ತಪ್ಪಿಗೆ ಕಾರಣ ಒಂದೇ ಇರಬೇಕು: ಯಾವುದೋ ಒಂದು ಕನ್ನಡಿ ತನ್ನ ಜಾಗದಲ್ಲಿ ಇಲ್ಲ.

ಎಷ್ಟು ಸರಿದಿರಬೇಕು? ಮೂವತ್ತು ಮೈಲಿಯಾಚೆ ಐದು ವಿಕಲೆಯೆಂದರೆ ಅಡ್ಡದಿಕ್ಕಿಗೆ ಹತ್ತಿರಹತ್ತಿರ ನಾಲ್ಕು ಫೂಟು. ಈ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ. ಆ ಮೂರು ಗುಡ್ಡಗಳಲ್ಲಿ ಮರವಿದ್ದದ್ದು ಗೋಕಾಕದ ಗುಡ್ಡದಲ್ಲಿ ಮಾತ್ರ. ಬೇವಿನ ಮರ. ಅದರ ನೆರಳು ಇಳಿಹೊತ್ತಿನಲ್ಲಿ ಗುರುತುಕಲ್ಲಿನ ಕಡೆಗೆ ಚಾಚಿ, ನಾಲ್ಕು ಫೂಟು ಉಳಿದಿರುವಂತೆ ನಿಂತುಬಿಡುತ್ತಿತ್ತು. ಇದನ್ನು ಅಣ್ಣಪ್ಪನವರು ತಾವೇ ಅಲ್ಲಿದ್ದಾಗ ಕಣ್ಣಾರೆ ನೋಡಿದ್ದರು. ಸತ್ಯ ಇಷ್ಟು ಅಚ್ಚುಕಟ್ಟಾಗಿ ಬಂದು ಎದುರಿಗೆ ಕುಳಿತರೆ, ಎದ್ದು ಹೋಗು ಎನ್ನುವವರು ಯಾರು?

ಲಕ್ಕಪ್ಪನನ್ನು ಕರೆಸಿದರು. ಗೋಕಾಕದಿಂದ ಬಂದ ಅವನು ಡೇರೆಯ ಮುಂದೆ ಕಂಬಳಿ ಹಾಸಿಕೊಂಡು ಕುಳಿತ. ಸಿಪಾಯಿ ಶಿದ್ರಾಮ ನೀರು ಕೊಟ್ಟ.

"ಲಕ್ಕಪ್ಪಾ, ಕನ್ನಡಿ ಎಲ್ಲಿ ಇಟ್ಟಿದ್ದಿ?"

"ಕಲ್ಲಿನ ಮ್ಯಾಲ್ರಿ. ನೀವು ಗೂಟ ಬಡದು ತೋರ್ಸಿದ್ರೆಲ್ಲಾ, ಅಲ್ಲೇ."

"ಬೇವಿನ ಗಿಡದ ನೆರಳಾಗ ಕೂತಿದ್ದಿ ಹೌದಲ್ಲೋ?"

ಲಕ್ಕಪ್ಪ ಅವರ ಮುಖವನ್ನು ನೋಡಿದ. "ನೆರಳಾಗ ಕನ್ನಡಿ ಹೊಳಿತೈತೇನ್ರಿ, ಸಾಹೇಬ್ರ?"

ಶಿದ್ರಾಮ ಮುಖ ತಿರುಗಿಸಿ ಕೆಮ್ಮಿದ. ಅಣ್ಣಪ್ಪನವರು ಈ ಆಕ್ಷೇಪಕ್ಕೆ ಸಿದ್ಧರಾಗಿದ್ದರು.

"ಕನ್ನಡಿ ಬಿಸಿಲಾಗ, ನೀ ನೆರಳಾಗ. ಕೈಗೆ ಎಟುಕೂ ಹಂಗ ನಾಕ್ ಫೂಟು ಎಳಕೊಂಡಿ. ಖರೆ ಹೇಳಿಬಿಡು."

"ಖರೆ ಹೇಳಿದ್ರ ಒಪ್ಪತೀರೇನ್ರಿ? ಕನ್ನಡಿ ಕಲ್ಲಿನ ಮ್ಯಾಲ ಇತ್ತು. ನಾ ಕನ್ನಡೀ ಬಾಜೂಕ ಇದ್ದೆ. ನೆತ್ತಿ ಮ್ಯಾಲ ಸೂರ್ಯಾ ಇದ್ದ."

"ಹಂಗಾದ್ರ ಐದು ವಿಕಲೆ ಎಲ್ಲಿಂದ ಬಂತು?"

"ಅದ ಯಾವ ಊರಿಂದ ಬಂತೋ ನನಗ ಹೆಂಗ ಗೊತ್ರಿ?" ಎಂದ ಲಕ್ಕಪ್ಪ. ಸ್ವಲ್ಪ ಹೊತ್ತು ನೆಲ ಕೆರೆದು, ಮತ್ತೆ ತಲೆಯೆತ್ತಿದ. "ಒಂದು ಮಾತು ಹೇಳ್ತೇನ್ರಿ. ಲಡಾಯಿ ಟೈಮಿನಾಗ ನಾ ಮುಂಬೈಯಾಗ ಹಡಗಿನ ಖಲಾಸಿ ಆಗಿದ್ದೆ. ಆಫ್ರಿಕಾದ ದರ್ಬಾನ್ ಬಂದರದಿಂದ ಆಸ್ಟ್ರೇಲಿಯಾದ ಒಂದು ಊರಿಗೆ ಹೊಂಟಿದ್ವಿ. ಆ ಊರು ಬರೋಬ್ಬರಿ ಮೂಡಲಕ್ಕ ಐತಿ ಅಂತ ನಕಾಶದಾಗ ಎಲ್ಲಾರೂ ನೋಡೇವಿ. ಕ್ಯಾಪ್ಟನ್ ಹಡಗ ತೆಂಕಲ ಮೂಡಲಕ್ಕ ಬಿಟ್ಟ. ದಿನಾ ದಿನಾ ಥಂಡಿ ಜಾಸ್ತಿ. ನಾವು ಗೋಣಿಚೀಲ ಹೊತ್ತುಕೊಂಡು ಅಡ್ಡಾಡಾಕ ಹತ್ತಿದ್ವಿ. ಇಂವಾ ಕುಡದಾನ, ದಾರಿ ತಪ್ಪಸ್ಯಾನ ಅಂತ ನಮ್ಮ ಖಲಾಸಿಗಳ ಮುಖಂಡ ಟಿಂಡೇಲ ಅಂದ, ನಾನೂ ಹೌದ್ ಹೌದಂದೆ."

"ಇದಕ್ಕೂ ಅದಕ್ಕೂ ಏನ್ ಸಂಬಂಧ?"

"ತಡೀರಿ. ದಿನಾ ಚೂರ್ ಚೂರ್ ಸುಕ್ಕಾಣ ತಿರುವುತಿದ್ರು. ನಡಕ ಬಂದಾಗ ಮೂಡಲಕ್ಕ ಮಾರಿ, ಆಮ್ಯಾಲ ಬಡಗಣ ಮೂಡಲಕ್ಕ. ಊರು ಮುಟ್ಟಿದ್ವಿ. ಮುಟ್ಟಿದ ಮ್ಯಾಲ ಹೇಳಿದ್ರು, ನೂರು ಮೈಲಿಗಿಂತ ಹೆಚ್ಚಿಗಿ ದಾರಿ ಉಳಿತಾಯ ಆಗೈತಿ ಅಂತ. ನಕಾಶದಾಗ ನೆಟ್ಟಗ ಕಾಣೂದು ಸೊಟ್ಟ ದಾರಿ, ಸೊಟ್ಟ ಕಾಣೂದೇ ನೆಟ್ಟನ ದಾರಿ ಅಂತ. ಯಾಕಂತ ನನಗ ಗೊತ್ತಿಲ್ಲ. ಆದ್ರ ಕುಡದಾನ ಅಂದಿದ್ದಕ್ಕ ನಮಗ ನಾಚಿಕಿ ಆತು."

ಅಣ್ಣಪ್ಪನವರಿಗೆ ಇದು ವಿಷಯಾಂತರವೆಂದು ತೋರಿತು. ಪ್ರಶ್ನೆ ಇದ್ದದ್ದು ಗೋಕಾಕದ ಗುಡ್ಡದ ನಾಲ್ಕು ಫೂಟಿನದು. ಉತ್ತರ ಆಸ್ಟ್ರೇಲಿಯಾಕ್ಕೆ ಹೋಗಿತ್ತು. ಸುಳ್ಳನಿಗೆ ಊರೆಲ್ಲ ದಾರಿ ಎಂದುಕೊಂಡು, ಲಕ್ಕಪ್ಪನನ್ನು ಕೆಲಸದಿಂದ ನಿಲ್ಲಿಸಿ ಮೂಡಲಗಿಗೆ ಕಳುಹಿಸಿದರು. ಅವನನ್ನು ಖಾಯಮ್ಮಾಗಿ ತೆಗೆದುಹಾಕಬೇಕೆಂದು ಸಾಹೇಬರಿಗೆ ವರದಿಯನ್ನೂ ಬರೆದರು. ಸರಕಾರದ ಚಾಕರಿಯಿಂದ ಮೋಸಕ್ಕಾಗಿ ತೆಗೆದರೆಂದರೆ, ಮತ್ತೆ ಯಾವ ಕಚೇರಿಯ ಹೊಸ್ತಿಲನ್ನೂ ಅವನು ತುಳಿಯುವಂತಿರಲಿಲ್ಲ. ಸಾಹೇಬರು ಮುಂದಿನ ಸೋಮವಾರ ಹುಕ್ಕೇರಿಯ ಬಂಗಲೆಗೆ ಬಂದು ಅದಕ್ಕೆ ಸಹಿ ಹಾಕುವವರಿದ್ದರು.

ಲಕ್ಕಪ್ಪನ ಜಾಗಕ್ಕೆ ಶಿದ್ರಾಮ ಹೋದ. ಶಿದ್ರಾಮ ಅಣ್ಣಪ್ಪನವರ ನಂಬಿಕೆಯ ಬಂಟ, ನಿಲ್ಲೆಂದಲ್ಲಿ ನಿಲ್ಲುವವನು. ಗೋಕಾಕದ ಗುಡ್ಡದಿಂದ ಬೆಳಕು ಹೊಳೆಯಿತು. ಅಣ್ಣಪ್ಪನವರು ಕೋನ ತೆಗೆದು ಕೂಡಿಸಿದರು. ಐದು.

ಶಿದ್ರಾಮನೂ ನೆರಳಿಗೆ ಸರಿದನೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಮನುಷ್ಯ ಸ್ವಭಾವವೇ ದುರ್ಬಲ. ಅದನ್ನು ದೂರುವುದಕ್ಕಿಂತ ಪ್ರಲೋಭನೆಯನ್ನು ತೆಗೆಯುವುದು ಲೇಸೆಂದು ಹಿರಿಯರೂ ಹೇಳಿದ್ದಾರೆ. ಮರವನ್ನು ಕಡಿಯುವಂತೆ ಆಜ್ಞೆ ಹೋಯಿತು. ಆ ಮರದಡಿ ಮಧ್ಯಾಹ್ನ ಕುರಿ ನಿಲ್ಲಿಸುತ್ತಿದ್ದ ಕುರುಬರು ಬಂದು, ಯಾಕೆಂದು ಕೇಳಿದರು. ಐದು ವಿಕಲೆಯ ಸಲುವಾಗಿ ಎಂದು ಶಿದ್ರಾಮ ಹೇಳಿದ. ವಿಕಲೆ ಎಂಬುದು ಯಾವುದೋ ಹೊಸ ಜಾತಿಯ ಗೆದ್ದಲಿರಬೇಕೆಂದು ಅವರು ಬೈದುಕೊಳ್ಳುತ್ತ ಹೋದರು. ಮರ ಬಿತ್ತು. ಗುಡ್ಡದ ನೆತ್ತಿ ಬೋಳಿಸಿದ ತಲೆಯಂತಾಯಿತು. ಅಲ್ಲಿ ಈಗ ಒಂದು ಇರುವೆಗೂ ನೆರಳಿರಲಿಲ್ಲ. ಕನ್ನಡಿ ಹೊಳೆಯಿತು. ಅಣ್ಣಪ್ಪನವರು ಕೋನ ತೆಗೆದು ಕೂಡಿಸಿದರು.

ಐದು.

ಆ ಸಂಜೆ ಅವರು ಊಟ ಮಾಡಲಿಲ್ಲ. ಡೇರೆಯ ಮುಂದೆ ಕುಳಿತು ಹಡಗಿನ ಮಾತನ್ನು ಮೊದಲಿನಿಂದ ನೆನೆದರು. ನಕಾಶೆಯಲ್ಲಿ ನೆಟ್ಟಗೆ ಕಾಣುವುದು ಸೊಟ್ಟ, ಸೊಟ್ಟ ಕಾಣುವುದೇ ನೆಟ್ಟಗೆ. ಕ್ಯಾಪ್ಟನ್ ಕುಡಿದಿರಲಿಲ್ಲ. ಹಾಗಾದರೆ ಯಾರದೂ ತಪ್ಪಿಲ್ಲದೆ ಲೆಕ್ಕ ತಪ್ಪುವ ಒಂದು ಬಗೆಯೂ ಉಂಟೇ? ಮರುದಿನ ಶನಿವಾರ. ಬೆಳಗಿನ ಪೂಜೆ ಮುಗಿಸಿ, ತಟ್ಟು ಕುದುರೆ ಏರಿ, ಹುಕ್ಕೇರಿಗೆ ಹೊರಟರು.

ಹುಕ್ಕೇರಿಯಲ್ಲಿ ಹಯಗ್ರೀವಾಚಾರ್ಯರೆಂಬ ಜ್ಯೋತಿಷ್ಯ ವಿದ್ವಾಂಸರಿದ್ದರು. ಪಂಚಾಂಗದ ಗಣಿತ ಅವರ ನಾಲಿಗೆಯ ತುದಿಯಲ್ಲಿತ್ತು; ಗ್ರಹಣ ಹಿಡಿಯುವ ಹೊತ್ತನ್ನು ಅವರು ಹೇಳಿದ ಮೇಲೆ ಗ್ರಹಣಕ್ಕೂ ತಪ್ಪಿಸಿಕೊಳ್ಳುವ ಧೈರ್ಯವಿರಲಿಲ್ಲ. ಶಿಷ್ಯರಿಗೆ ಪಾಠ ಹೇಳಲು ಜೇಡಿಮಣ್ಣಿನಲ್ಲಿ ಮಾಡಿ ಸುಣ್ಣ ಬಳಿದ, ತೆಂಗಿನಕಾಯಿಯಷ್ಟು ದೊಡ್ಡ ಭೂಗೋಲವೊಂದು ಅವರ ಪಡಸಾಲೆಯಲ್ಲಿತ್ತು. ಅಣ್ಣಪ್ಪನವರು ಬಂದ ಕಾರಣ ಹೇಳಿ, ಹಡಗಿನ ಕಥೆಯನ್ನೂ ಹೇಳಿದರು.

"ಅಣ್ಣಪ್ಪನವರ, ಭೂಮಿ ಗುಂಡಗದ ಅನ್ನೂದು ನಿಮಗ ಗೊತ್ತಿಲ್ಲೇನು?" ಎಂದರು ಆಚಾರ್ಯರು.

"ಗೊತ್ತೈತ್ರಿ ಆಚಾರ್ರ. ಸಾಲಿಯಾಗ ಕಲಿಸ್ಯಾರ. ಆದ್ರ ಹೊಲದಾಗ ಅದರ ಕೆಲಸ ಬಿದ್ದಿರಲಿಲ್ಲ."

"ಹಡಗಿಗೆ ಬಿದ್ದದ." ಆಚಾರ್ಯರು ಜನಿವಾರದ ಹತ್ತಿಯ ದಾರವೊಂದನ್ನು ತೆಗೆದು, ಗೋಲದ ಕೆಳಭಾಗದಲ್ಲಿ ಒಂದೇ ಅಡ್ಡಸಾಲಿನ ಎರಡು ಕಡೆ ಬೆರಳಿಟ್ಟು, ನಡುವೆ ಬಿಗಿಯಾಗಿ ಎಳೆದರು. ದಾರ ಅಡ್ಡಸಾಲಿನಲ್ಲಿ ನಿಲ್ಲದೆ ದಕ್ಷಿಣದ ಕಡೆಗೆ ಜಾರಿ ಬಾಗಿತು. "ನೋಡ್ರಿ. ಬಿಗಿದ ದಾರ ಹಿಡದದ್ದೇ ಹತ್ತಿರದ ದಾರಿ. ಇದನ್ನ ಸುತ್ತಲೂ ಬೆಳಸಿದ್ರ ಗೋಲವನ್ನ ಸರಿಯಾಗಿ ಎರಡು ಹೋಳು ಮಾಡುವ ದೊಡ್ಡ ವರ್ತುಲ ಆಗ್ತದ. ಭೂಮಧ್ಯರೇಖೆಯಿಂದ ಉತ್ತರಕ್ಕಿದ್ರ ಉತ್ತರಕ್ಕ ಬಾಗ್ತದ, ದಕ್ಷಿಣಕ್ಕಿದ್ರ ದಕ್ಷಿಣಕ್ಕ. ನಿಮ್ಮ ಖಲಾಸಿ ಸುಳ್ಳು ಹೇಳಿಲ್ಲ. ಥಂಡಿ ಹತ್ತಿದ್ದು ಶಾಸ್ತ್ರೋಕ್ತ."

ಅಣ್ಣಪ್ಪನವರು ದಾರವನ್ನೇ ನೋಡುತ್ತ ಕುಳಿತರು. ಕನ್ನಡಿಯ ಬೆಳಕೂ ಗುಡ್ಡದಿಂದ ಗುಡ್ಡಕ್ಕೆ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. ಹಾಗಾದರೆ ತಮ್ಮ ತ್ರಿಕೋನದ ಮೂರು ಭುಜಗಳೂ ಇಂಥ ದಾರಗಳೇ. ಕಾಗದದ ಮೇಲಿನ ಗೆರೆಗಳಲ್ಲ.

"ಆಚಾರ್ರ, ಇದರ ಮ್ಯಾಲ ಒಂದು ತ್ರಿಕೋನ ತಗೀರಿ. ದೊಡ್ಡದು."

"ತಗಿಯೂದು ಯಾಕ? ನಮ್ಮ ಹಿರಿಯರು ತಗದ ಇಟ್ಟಾರ." ಆಚಾರ್ಯರು ಗೋಲದ ಮೇಲಿನ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದರು. "ಉತ್ತರದ ತುದಿಯೊಳಗ ಮೇರು. ಭೂಮಧ್ಯರೇಖೆ ಮ್ಯಾಲ ಲಂಕೆ. ಅಲ್ಲಿಂದ ಪೂರ್ವಕ್ಕ ಪರಿಧಿಯ ಕಾಲು ಭಾಗ ಹೋದರ ಯಮಕೋಟಿ. ಪಶ್ಚಿಮಕ್ಕ ಅಷ್ಟೇ ಹೋದರ ರೋಮಕ. ಲಂಕೆಗೆ ನೇರ ಹಿಂದ ಸಿದ್ಧಪುರ. ನಾನು ವರ್ಷಾ ವರ್ಷಾ ಪಾಠ ಹೇಳ್ತೀನಿ."

ಲಂಕೆಯಿಂದ ಯಮಕೋಟಿಗೆ ಒಂದು ದಾರ, ಲಂಕೆಯಿಂದ ಮೇರುವಿಗೆ ಒಂದು, ಯಮಕೋಟಿಯಿಂದ ಮೇರುವಿಗೆ ಇನ್ನೊಂದು. ಅಣ್ಣಪ್ಪನವರು ತಮ್ಮ ಚೀಲದಿಂದ ಲಂಬಕೋನ ನೋಡುವ ಗುಣ್ಯವನ್ನು ತೆಗೆದು ಲಂಕೆಯ ಮೂಲೆಗೆ ಹಿಡಿದರು.

"ಲಂಕೆಯಾಗ ಎಷ್ಟ್ರಿ?"

"ತೊಂಬತ್ತು. ಯಾಮ್ಯೋತ್ತರ ರೇಖೆ, ಅಂದರ ದಕ್ಷಿಣದಿಂದ ಉತ್ತರಕ್ಕ ಹೋಗೂ ಗೆರಿ, ಭೂಮಧ್ಯರೇಖೆಗೆ ಲಂಬ. ಅದೇನು ಅಳೀತೀರಿ?"

"ಯಮಕೋಟಿಯಾಗ?"

"ಅಲ್ಲೂ ತೊಂಬತ್ತು."

"ನೂರ ಎಂಬತ್ತು ಮುಗೀತ್ರಿ. ಇನ್ನೂ ಮೇರುವಿನ ಕೋನ ಕೂಡಿಸಿಲ್ಲ."

ಆಚಾರ್ಯರು ಗುಣ್ಯವನ್ನು ತೆಗೆದುಕೊಂಡು ತಾವೇ ಮೇರುವಿನ ಮೂಲೆಗೆ ಹಿಡಿದರು. ಮೇರುವಿನಲ್ಲಿಯೂ ತೊಂಬತ್ತು. ಮೊತ್ತ ಇನ್ನೂರ ಎಪ್ಪತ್ತು.

"ಕೋನ ಎಣಸರಿ ಅಂತ ಶಾಸ್ತ್ರದೊಳಗ ಎಲ್ಲೂ ಹೇಳಿಲ್ಲ," ಎಂದರು, ದಾರವನ್ನು ಇನ್ನಷ್ಟು ಬಿಗಿಮಾಡುತ್ತ.

"ಬ್ಯಾಡ ಅಂತನೂ ಹೇಳಿಲ್ಲಲ್ರಿ."

"ಅದೂ ಖರೇನ."

ಇಬ್ಬರೂ ಗೋಲವನ್ನು ನೋಡಿದರು. ಯಾಕೆ ಹೀಗೆಂಬುದು ಕಣ್ಣಿಗೆ ಕಾಣುವಂತೆಯೇ ಇತ್ತು. ಸಪಾಟು ನೆಲದಲ್ಲಿ ಒಂದು ಗೆರೆಯ ಎರಡು ತುದಿಗಳಲ್ಲಿ ಎರಡು ಲಂಬಗಳನ್ನು ಎತ್ತಿದರೆ, ಅವು ಎಷ್ಟು ದೂರ ಹೋದರೂ ಒಂದನ್ನೊಂದು ಮುಟ್ಟುವುದಿಲ್ಲ; ಆ ಎರಡು ಲಂಬಕೋನಗಳಿಗೇ ನೂರ ಎಂಬತ್ತು ತೀರಿ, ಮೂರನೆಯ ಕೋನಕ್ಕೆ ಪಾಲೇ ಉಳಿದಿರುವುದಿಲ್ಲ. ಗುಂಡುನೆಲದಲ್ಲಿ ಹಾಗಲ್ಲ. ಅಲ್ಲಿ ಎರಡೂ ಲಂಬಗಳು ನೆಟ್ಟಗೆ ಹೋಗುತ್ತಲೇ ಒಂದರ ಕಡೆಗೊಂದು ವಾಲಿ, ಮೇರುವಿನಲ್ಲಿ ಕೂಡುತ್ತವೆ. ಕೂಡಿದಲ್ಲಿ ಉಂಟಾದ ಕೋನವೆಲ್ಲ ಹೆಚ್ಚಳ. ಅದು ಯಾರ ತಪ್ಪೂ ಅಲ್ಲ, ನೆಲದ ಉಬ್ಬು.

"ಆದರ ಇಲ್ಲಿ ಹೆಚ್ಚಳ ತೊಂಬತ್ತು ಅಂಶ," ಎಂದರು ಆಚಾರ್ಯರು. "ನಿಮ್ಮದು ಐದು ವಿಕಲೆ. ಎಲ್ಲಿಯ ಮೇರು, ಎಲ್ಲಿಯ ಕಣಗಲಾ?"

ಅಣ್ಣಪ್ಪನವರು ಮೇರುವಿನಿಂದ ಲಂಕೆ, ಯಮಕೋಟಿಗಳ ನಟ್ಟನಡುವಿಗೆ ಮತ್ತೊಂದು ದಾರ ಎಳೆದು ತ್ರಿಕೋನವನ್ನು ಎರಡು ಹೋಳು ಮಾಡಿದರು. ಈಗ ಪ್ರತಿಯೊಂದು ಹೋಳಿನಲ್ಲಿ ಕೆಳಗೆ ಎರಡು ತೊಂಬತ್ತು, ಮೇಲೆ ನಲವತ್ತೈದು. ಕ್ಷೇತ್ರ ಅರ್ಧವಾಯಿತು, ಹೆಚ್ಚಳವೂ ಅರ್ಧವಾಯಿತು. ಬೇರೆ ಕಡೆ ಸೀಳಿದರೂ ಅಷ್ಟೇ: ಸೀಳಿದ ಗೆರೆ ಭುಜವನ್ನು ಮುಟ್ಟಿದಲ್ಲಿ ಹೊಸದಾಗಿ ಹುಟ್ಟುವ ಎರಡು ಕೋನಗಳು ಕೂಡಿ ನೂರ ಎಂಬತ್ತು. ತ್ರಿಕೋನ ಒಂದಿದ್ದದ್ದು ಎರಡಾದಾಗ ಲೆಕ್ಕದಲ್ಲಿ ಕಳೆಯಬೇಕಾದ ನೂರ ಎಂಬತ್ತುಗಳೂ ಒಂದರ ಬದಲು ಎರಡಾಗುತ್ತವೆ. ಆದ್ದರಿಂದ ಹೋಳುಗಳ ಹೆಚ್ಚಳ ಕೂಡಿದರೆ ಇಡಿಯ ಹೆಚ್ಚಳವೇ ಬರಬೇಕು. ಹೊಲ ಪಾಲಾದಂತೆ ಹೆಚ್ಚಳವೂ ಪಾಲಾಗುತ್ತದೆ. ಪಾಲು ಮಾಡುವ ವಿದ್ಯೆಯಲ್ಲಿ ಅಣ್ಣಪ್ಪನವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

"ತ್ರೈರಾಶಿಕ," ಎಂದರು ಆಚಾರ್ಯರು, ಸುಣ್ಣದ ಕಡ್ಡಿಯನ್ನು ಹುಡುಕುತ್ತ. ಅವರ ಧ್ವನಿಯಲ್ಲಿ ಮನೆಗೆ ಮರಳಿದವನ ನೆಮ್ಮದಿಯಿತ್ತು.

ಲಂಕೆ, ಯಮಕೋಟಿ, ಮೇರುಗಳ ನಡುವಿನದು ಇಡೀ ಭೂಮಿಯ ಎಂಟನೆಯ ಒಂದು ಭಾಗ. ಸುಮಾರು ಎರಡು ಕೋಟಿ ನಲವತ್ತಾರು ಲಕ್ಷ ಚದರ ಮೈಲಿ. ಅಷ್ಟಕ್ಕೆ ತೊಂಬತ್ತು ಅಂಶ, ಎಂದರೆ ಮೂರು ಲಕ್ಷ ಇಪ್ಪತ್ತನಾಲ್ಕು ಸಾವಿರ ವಿಕಲೆ. ಎಪ್ಪತ್ತಾರು ಚದರ ಮೈಲಿಗೆ ಒಂದು ವಿಕಲೆ ಬಿತ್ತು. ಕಣಗಲಾ, ಗೋಕಾಕ, ಬೆಳಗಾವಿಯ ಗುಡ್ಡಗಳ ನಡುವೆ ಮುನ್ನೂರ ತೊಂಬತ್ತು ಚದರ ಮೈಲಿ. ಆಚಾರ್ಯರು ನೆಲದ ಮೇಲೆ ಭಾಗಿಸಿದರು. ಐದು, ಮೇಲೆ ಚೂರು.

ಅಣ್ಣಪ್ಪನವರು ಅದನ್ನು ಬಹಳ ಹೊತ್ತು ನೋಡಿದರು. ತಾವು ಇಷ್ಟು ಕಾಲ ಅಳೆದ ಒಂದೊಂದು ಹೊಲದಲ್ಲಿಯೂ ಈ ಹೆಚ್ಚಳ ಇದ್ದೇ ಇತ್ತು; ಹೊಲ ಚಿಕ್ಕದಾದ್ದರಿಂದ ಯಾವ ಯಂತ್ರಕ್ಕೂ ಸಿಗದಷ್ಟು ಸಣ್ಣದಾಗಿತ್ತು, ಅಷ್ಟೇ. ಲಕ್ಕಪ್ಪ ಕನ್ನಡಿಯನ್ನು ನಾಲ್ಕು ಫೂಟು ಸರಿಸಿರಲಿಲ್ಲ. ನಾಲ್ಕು ಬೆರಳೂ ಸರಿಸಿರಲಿಲ್ಲ. ಉರಿಬಿಸಿಲಿನಲ್ಲಿ ಕುಳಿತು, ಆ ಸೀಮೆಯಲ್ಲಿ ಯಾರೂ ಮಾಡದಷ್ಟು ನಿಷ್ಠೆಯಿಂದ ಕನ್ನಡಿ ಹಿಡಿದಿದ್ದ. ಆ ನಿಷ್ಠೆಯೇ ಅವನ ವಿರುದ್ಧ ಪುರಾವೆಯಾಗಿತ್ತು.

"ಒಬ್ಬ ಮನಶ್ಯಾನ್ನ ಕೆಲಸದಿಂದ ತಗದೇನ್ರಿ, ಆಚಾರ್ರ."

"ಹಾಕ್ಕೋರಿ ಮತ್ತ."

"ಒಂದು ಗಿಡಾನೂ ಕಡಸೇನಿ."

ಆಚಾರ್ಯರು ದಾರವನ್ನು ಸುತ್ತಿಟ್ಟು, ನೆಲ ಒರೆಸಿದರು.

ಸೋಮವಾರ ಸಾಹೇಬರು ಬಂದರು. ಜ್ವರದಿಂದ ಮುಖ ಬೆಳ್ಳಗಾಗಿತ್ತು. ಅಣ್ಣಪ್ಪನವರು ಬಂಗಲೆಯ ಜಗುಲಿಯಲ್ಲಿ ನಿಂತು, ಐದು ವಿಕಲೆಯಿಂದ ತೊಡಗಿ ಲಂಕೆ, ಯಮಕೋಟಿಗಳ ಮೂಲಕ ಹಾಯ್ದು, ಎಲ್ಲವನ್ನೂ ಒಪ್ಪಿಸಿದರು. ಸಾಹೇಬರು ಕೇಳಿ, ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ, ಗೋಲದ ಹೆಚ್ಚಳವನ್ನು ಮೊದಲೇ ಕಳೆಯಬೇಕಲ್ಲವೇ, ಅದನ್ನು ಕಳೆಯದೆ ಕೂಡಿಸುವವರು ಉಂಟೇ ಎಂದು ಕೇಳಿದರು. ನಮ್ಮ ಖಾತೆಯಲ್ಲಿ ಎಲ್ಲರೂ ಹಾಗೆಯೇ ಕೂಡಿಸುತ್ತೇವೆ ಎಂದು ಅಣ್ಣಪ್ಪನವರು ಹೇಳಿದರು. ಹೆಚ್ಚಳ ಕಳೆದ ಮೇಲೆ ಉಳಿದ ತಪ್ಪು ಅರ್ಧ ವಿಕಲೆಗೂ ಕಡಿಮೆಯೆಂದು ಕಂಡು, ಕೆಲಸ ಬಹಳ ಚೆನ್ನಾಗಿದೆ ಎಂದರು ಸಾಹೇಬರು. ತಾವು ಹೇಳಿ ಹೋಗಬೇಕಾಗಿತ್ತೆಂಬ ಮಾತು ಅವರ ಬಾಯಿಂದ ಬರಲಿಲ್ಲ. ಆದರೆ ಲಕ್ಕಪ್ಪನ ಮೇಲಿನ ವರದಿಯನ್ನು ಅಡ್ಡಡ್ಡ ಹರಿದು, ಪೂರ್ವದ ಮುಂದಿನ ತ್ರಿಕೋನಕ್ಕೆ ಅದೇ ಮನುಷ್ಯ ಬೇಕೆಂದರು. ಅವನು ಬಾರೆನೆಂದರೆ ಎಂದು ಅಣ್ಣಪ್ಪನವರು ಕೇಳಿದರು. ಅವನನ್ನು ಒಪ್ಪಿಸುವುದು ನಿನಗೆ ಬಿಟ್ಟದ್ದು ಎಂದರು ಸಾಹೇಬರು.

ಮೂಡಲಗಿಗೆ ಅಣ್ಣಪ್ಪನವರು ಮರುದಿನ ತಲುಪಿದರು. ಸುದ್ದಿ ಅವರಿಗಿಂತ ಬಹಳ ಮೊದಲೇ ತಲುಪಿ ಬಲಿತಿತ್ತು: ನೆರಳಿಗೆ ಆಸೆಪಟ್ಟು ಸರಕಾರದ ನೆಲ ನಾಲ್ಕು ಫೂಟು ಕದ್ದ ಲಕ್ಕಪ್ಪ. ಬಾಗಿಲಲ್ಲಿ ಅವನ ಹೆಂಡತಿ ಕಾಶೆವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಬರ್ರಿ ಸಾಹೇಬ್ರ. ಒಳಗ ನೆರಳೈತಿ, ನಮ್ಮ ಮನಿಯಾಗ ಇದ್ದದ್ದು ಅದೊಂದ. ಅಳಕೊಂಡು ಹೋಗಾಕ ಬಂದ್ರೇನು?"

"ಇಲ್ಲವ್ವಾ. ಲಕ್ಕಪ್ಪನ್ನ ಕರಕೊಂಡು ಹೋಗಾಕ ಬಂದೇನಿ."

"ನೀರು ತರಾಕ ಹೋದ್ರ ಹೆಂಗಸರು ನಗತಾರ. ಹಿರೀ ಮಗಳನ್ನ ನೋಡಾಕ ಬರೂ ಮಂದಿ ಬರೂದ ನಿಲ್ಲಿಸ್ಯಾರ. ಇಲ್ಲಿ ಮನಿಯಾಗ ಕರದ್ರ ಏನ್ ಬಂತು? ಚಾವಡ್ಯಾಗ ಹೇಳ್ರಿ."

ಆದ್ದರಿಂದ ಚಾವಡಿಯಲ್ಲಿ ಹೇಳುವುದಾಯಿತು. ಗೌಡರು ಬಂದರು, ಕೆಲಸವಿದ್ದವರೂ ಇಲ್ಲದವರೂ ಬಂದರು. ಲಕ್ಕಪ್ಪ ಒಂದು ಕಂಬಕ್ಕೆ ಒರಗಿ ನಿಂತ. ಅಣ್ಣಪ್ಪನವರು ಒಂದು ಕುಂಬಳಕಾಯಿ ತರಿಸಿ, ಅದರ ಮೇಲೆ ಇದ್ದಿಲಿನಿಂದ ಮೂರು ಗುಡ್ಡ ಗುರುತಿಸಿ, ದಾರ ಎಳೆದು, ಆಚಾರ್ಯರ ಪಡಸಾಲೆಯಲ್ಲಿ ತಿಳಿದದ್ದೆಲ್ಲವನ್ನೂ ಒಂದು ಎಳೆ ಬಿಡದೆ ವಿವರಿಸಿದರು. ಜನ ಮರ್ಯಾದೆಯಿಂದ ಕೇಳಿದರು.

"ಅಂದ್ರ," ಎಂದರು ಗೌಡರು ಎಲೆ ಅಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು, "ಆ ನಾಕು ಫೂಟಿನ ತಪ್ಪು ಭೂಮೀದು ಅಂತೀರಿ?"

"ತಪ್ಪಲ್ರಿ. ಉಬ್ಬು."

"ಈ ಉಬ್ಬು ಮೊದಲಿಂದ್ಲೂ ಐತೇನು, ಲಕ್ಕಪ್ಪ ಕೂತ ಮ್ಯಾಲ ಬಂತೇನು?"

"ಮೊದಲಿಂದ್ಲೂ ಐತ್ರಿ."

"ಹಂಗಾದ್ರ ನಮ್ಮ ಹೊಲದಾಗ ಯಾಕ ಕಾಣೂದಿಲ್ಲ?"

"ನಿಮ್ಮ ಹೊಲ ಸಣ್ಣದ್ರಿ."

ಗೌಡರ ಮುಖ ಬಿಗಿಯಿತು. ಆ ಸುತ್ತಿನಲ್ಲಿ ಅವರಿಗಿಂತ ದೊಡ್ಡ ಹೊಲ ಯಾರಿಗೂ ಇರಲಿಲ್ಲ. ಹಿಂದಿನಿಂದ ಒಬ್ಬ, ಸಾಹೇಬ ಲಕ್ಕಪ್ಪನಿಗೆ ಬೇಕಾದವನಂತೆ, ಅದಕ್ಕೇ ಈ ಕುಂಬಳಕಾಯಿ ಕಥೆ ಕಟ್ಟ್ಯಾರ ಎಂದು ಪಿಸುಗುಟ್ಟಿದ. ಇನ್ನೊಬ್ಬ, ನೆರಳಿಗೆ ಕುಂತದ್ದು ಖರೇನ ಇರಬೇಕು, ಯಾರು ಕೂಡೂದಿಲ್ಲ ಹೇಳು ಎಂದ. ಅಣ್ಣಪ್ಪನವರು ದಾರವನ್ನು ಮತ್ತೆ ಎಳೆದು, ಲಂಬ ಎಂದರೇನು ಎಂಬಲ್ಲಿಂದ ತೊಡಗುವವರಿದ್ದರು. ಲಕ್ಕಪ್ಪ ಕಂಬ ಬಿಟ್ಟು ಮುಂದೆ ಬಂದ.

"ಸಾಹೇಬ್ರ, ಕಾಯಿ ಕೆಳಗ ಇಡ್ರಿ. ಭೂಮಿ ಸುದ್ದಿ ಸಾಕು. ನನ್ನ ಸುದ್ದಿ ಹೇಳ್ರಿ."

 ಪ್ರಮಾಣವಿಲ್ಲದ ಮಾತನ್ನು ಅಣ್ಣಪ್ಪನವರು ಸಭೆಯಲ್ಲಿ ಆಡಿದ್ದೇ ಇಲ್ಲ. ಕುಂಬಳಕಾಯಿಯನ್ನು ಕೆಳಗಿಟ್ಟರು. ತಲೆಯ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದನ್ನು ಅವರು ತೆಗೆಯುತ್ತಿದ್ದದ್ದು ಜಂಗಮರ ಮುಂದೆ ಮಾತ್ರ.

"ಲಕ್ಕಪ್ಪ ಕನ್ನಡಿ ಕಲ್ಲಿನ ಮ್ಯಾಲ ಇಟ್ಟಿದ್ದ. ನಾ ಸುಳ್ಳ ಅವನ ಮ್ಯಾಲ ಹೊರಸಿದ್ನಿ. ನಂದು ತಪ್ಪಾತು."

ಚಾವಡಿಯಲ್ಲಿ ಒಂದು ಸಮಾಧಾನದ ಉಸಿರು ಹರಿಯಿತು. ಇದು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಗೌಡರು ತಲೆದೂಗಿ, ಅಷ್ಟ ಅನಬೇಕಿತ್ತು ನೋಡ್ರಿ, ಸುಮ್ಮನ ಲಂಕೆ ತನಕ ಹೋಗಿ ಬಂದ್ರಿ ಎಂದರು. ಪಿಸುಗುಟ್ಟಿದವನು ಎದ್ದು, ಲಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟ. ಮಗಳನ್ನು ನೋಡಲು ಬರುವವರ ಊರಿನ ಒಬ್ಬ ಮನುಷ್ಯ ಅಲ್ಲೇ ಕುಳಿತಿದ್ದ. ಅವನು ಊರಿಗೆ ಈ ಸುದ್ದಿ ಮುಟ್ಟಿಸಲು ಅವಸರ ಪಟ್ಟ.

"ಬರ್ತಿಯೇನಪಾ?" ಎಂದು ಕೇಳಿದರು ಅಣ್ಣಪ್ಪನವರು, ರುಮಾಲು ಸುತ್ತಿಕೊಳ್ಳುತ್ತ. "ಮುಂದಿನ ತ್ರಿಕೋನ ಇದಕ್ಕಿಂತ ದೊಡ್ಡದೈತಿ."

"ಅದ್ರಾಗ ಎಷ್ಟು ಹೆಚ್ಚಿಗಿ ಬರ್ತೈತ್ರಿ?"

"ಏಳು ವಿಕಲೆ. ಲೆಕ್ಕಾ ಹಾಕೇನಿ."

"ಹೋಗೂಕಿಂತ ಮೊದಲ ಹಾಕೀರಿ, ಚಲೋ ಆತು," ಎಂದ ಲಕ್ಕಪ್ಪ. ಚಾವಡಿಯ ಅಂಗಳದ ಮೂಲೆಯಿಂದ ಕೇಳುತ್ತಿದ್ದ ಕಾಶೆವ್ವನ ಕಡೆ ತಿರುಗಿ, ರೊಟ್ಟಿ ಕಟ್ಟು ಎಂದ. ಅವಳು ಆಗಲೇ ಮನೆಯ ಕಡೆ ಹೊರಟಿದ್ದಳು.